ಕತ್ತಿನ ಹತ್ತಿರ ಅಂಟಿಸಿದ ಹಾಗೆ ಕಾಣುವ ಬ್ಲೌಸು: ಅಂಚು ಮಸುಕು ಮಾಡಿದರೆ ಯಾಕೆ ಸರಿಹೋಗುವುದಿಲ್ಲ

ಪ್ರಶ್ನೆ: ಸರ್, ಚಿಂತಾಮಣಿಯಲ್ಲಿ ನಮ್ಮದು ಚಿಕ್ಕ ಸ್ಟುಡಿಯೊ. ಹಳ್ಳಿಯವರೊಬ್ಬರು ತೀರಿಕೊಂಡ ತಾಯಿಯ ಫೋಟೋ ತಂದಿದ್ದಾರೆ. ವಾಟ್ಸಾಪ್‌ನಲ್ಲಿ ಬಂದಿದ್ದು, ಅಜ್ಜಿ ಜಗಲಿ ಮೇಲೆ ನೈಟಿಯಲ್ಲಿ ಕೂತಿದ್ದಾರೆ. ತಿಥಿಗೆ 12×18 ಫ್ರೇಮ್ ಬೇಕು, ಸೀರೆ ಬ್ಲೌಸು ಹಾಕಿಕೊಡಿ ಅಂದರು. ನೆಟ್‌ನಲ್ಲಿ ಸಿಕ್ಕಿದ ಮೆರೂನ್ ಬ್ಲೌಸಿನ ಪಿಎನ್‌ಜಿಯನ್ನು ಫೋಟೋಶಾಪ್‌ನಲ್ಲಿ ಹಾಕಿದೆ. ಕತ್ತಿನ ಹತ್ತಿರ ಬ್ಲೌಸು ಚರ್ಮಕ್ಕೆ ಸೇರುವ ಕಡೆ ಅಂಟಿಸಿದ ಹಾಗೆ ಕಾಣ್ತಿದೆ. ಫೆದರ್ 5 ಕೊಟ್ಟೆ, ಸ್ಮಡ್ಜ್ ಮಾಡಿದೆ, ಡ್ರಾಪ್ ಶ್ಯಾಡೋನೂ ಹಾಕಿದೆ. ಮಾಡಿದಷ್ಟೂ ಇನ್ನೂ ಕೆಡ್ತಿದೆ. ನೀಲಿ ಗೆರೆ ಒಂದು ಹೋಗ್ತಾನೇ ಇಲ್ಲ. ತೋಳಿನ ಅಂಚೂ ಅದೇ ಕಥೆ. ಫೈಲ್ ಕಳಿಸಿದ್ದೇನೆ, ಸ್ವಲ್ಪ ನೋಡಿ ಹೇಳ್ತೀರಾ?

ಉತ್ತರ: ಫೈಲ್ ತೆರೆದು ನೋಡಿದೆ. ನಿಮ್ಮ ಕೈ ಕೆಟ್ಟದಿಲ್ಲ ಕಣ್ರೀ, ಕತ್ತರಿಸಿರುವುದು ನೀಟಾಗಿಯೇ ಇದೆ. ಕೆಡಿಸಿದ್ದು ಆಮೇಲೆ ಮಾಡಿದ ರಿಪೇರಿ. ಅಂಚು ಸೇರಲಿಲ್ಲ ಅಂದ ತಕ್ಷಣ ಅದನ್ನು ಮಸುಕು ಮಾಡುವುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಇರುವ ಅಭ್ಯಾಸ. ತುಮಕೂರಿನಲ್ಲಿ ನನ್ನ ಹತ್ತಿರ ಕೆಲಸ ಕಲಿಯೋಕೆ ಬರುವ ಹುಡುಗರೂ ಮೊದಲು ಮಾಡುವುದು ಇದನ್ನೇ. ಫೆದರ್ ಜಾಸ್ತಿ ಕೊಟ್ಟರೆ ಸಹಜವಾಗಿ ಕಾಣುತ್ತೆ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಅದು ಸುಳ್ಳು. ಅಂಚು ಆ ಫೋಟೋದಲ್ಲಿರುವ ಬೇರೆ ಅಂಚುಗಳಷ್ಟೇ ಮಸುಕಾಗಿರಬೇಕು. ಜಾಸ್ತಿಯೂ ಬೇಡ, ಕಡಿಮೆಯೂ ಬೇಡ.

ಇದನ್ನು ಅಳೆದು ನೋಡಬಹುದು. ಫೋಟೋವನ್ನು 800% ಜೂಮ್ ಮಾಡಿ ಅಜ್ಜಿಯ ಕಿವಿಯೋಲೆಯ ಅಂಚು ನೋಡಿ, ದವಡೆಯ ಅಂಚೂ ನೋಡಿ. ಚರ್ಮದ ಬಣ್ಣ ಮುಗಿದು ಹಿಂದಿನ ಗೋಡೆಯ ಬಣ್ಣ ಶುರುವಾಗುವ ಮಧ್ಯೆ ಎಷ್ಟು ಪಿಕ್ಸೆಲ್ ಇದೆ ಅಂತ ಎಣಿಸಿ. ನಿಮ್ಮ ಫೈಲ್‌ನಲ್ಲಿ ನನಗೆ ಮೂರು ಸಿಕ್ಕಿತು. ಈಗ ಬ್ಲೌಸಿನ ಅಂಚಿಗೆ ಬನ್ನಿ. ಫೆದರ್ 5 ಅಂದರೆ ಬರೀ ಐದು ಪಿಕ್ಸೆಲ್ ಮಸುಕು ಅಲ್ಲ. ಅದು ಒಳಗೂ ಹೊರಗೂ ಹರಡುತ್ತೆ, ಒಟ್ಟು ಹತ್ತಕ್ಕಿಂತ ಜಾಸ್ತಿ ಪಿಕ್ಸೆಲ್ ಬಟ್ಟೆಯೂ ಅಲ್ಲದ ಚರ್ಮವೂ ಅಲ್ಲದ ಒಂದು ಪಟ್ಟಿ ಹುಟ್ಟಿಕೊಳ್ಳುತ್ತೆ. ಈ ಫೋಟೋದಲ್ಲಿ ಅಜ್ಜಿಯ ಕತ್ತಿನ ಅಗಲ ಸುಮಾರು ಇನ್ನೂರು ಪಿಕ್ಸೆಲ್. ನಿಜವಾದ ಕತ್ತು ಹನ್ನೆರಡು ಸೆಂಟಿಮೀಟರ್ ಇರಬಹುದು ಅಂದುಕೊಂಡರೆ ಹತ್ತು ಪಿಕ್ಸೆಲ್ ಅಂದರೆ ಅರ್ಧ ಸೆಂಟಿಮೀಟರ್ ಮೇಲಾಯಿತು. ಬ್ಲೌಸಿನ ಪೈಪಿಂಗ್ ಇರುವುದೇ ಎರಡು ಮೂರು ಮಿಲಿಮೀಟರ್, ಅಂದರೆ ನಾಲ್ಕೈದು ಪಿಕ್ಸೆಲ್. ಇಡೀ ಪೈಪಿಂಗ್ ನಿಮ್ಮ ಫೆದರ್‌ನಲ್ಲಿ ಕರಗಿ ಹೋಗಿದೆ! ಟೈಲರ್ ಹೊಲಿದ ಅಂಚೇ ಇಲ್ಲದ ಬಟ್ಟೆ ಚರ್ಮದೊಳಗೆ ಇಂಗಿ ಹೋದ ಹಾಗೆ ಇದ್ದರೆ ಕಣ್ಣು ನಂಬುತ್ತಾ ಹೇಳಿ.

ಇನ್ನು ಆ ನೀಲಿ ಗೆರೆ. ಇದು ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನೈಟಿ ನೀಲಿ ಅಲ್ವಾ? ಅದನ್ನು ನೀವು ತೆಗೆದಿಲ್ಲ, ಅದರ ಮೇಲೆ ಬ್ಲೌಸು ಇಟ್ಟಿದ್ದೀರಿ. ಅಂಚಿನ ಪಿಕ್ಸೆಲ್‌ಗಳು ಅರ್ಧ ಪಾರದರ್ಶಕ. ಅವು ಮೇಲಿನ ಬಣ್ಣವನ್ನೂ ಕೆಳಗಿನ ಬಣ್ಣವನ್ನೂ ಬೆರೆಸಿ ತೋರಿಸುತ್ತವೆ. ಮೇಲೆ ಮೆರೂನ್, ಕೆಳಗೆ ನೀಲಿ, ಮಧ್ಯೆ ನೇರಳೆ ಬೂದಿ. ಫೆದರ್ ಜಾಸ್ತಿ ಮಾಡಿದಷ್ಟೂ ಕೆಳಗಿನ ನೀಲಿ ಜಾಸ್ತಿ ಇಣುಕುತ್ತೆ. ನೀವು ಮಾಡಿದಷ್ಟೂ ಕೆಟ್ಟಿದ್ದು ಇದಕ್ಕೇ.

ಎರಡನೇ ಕಾರಣವೂ ಒಂದಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಫೋನಿನ ಜೆಪೆಗ್ ಫೈಲ್‌ನಲ್ಲಿ ಬೆಳಕು ಕತ್ತಲೆಯ ವಿವರ ಪೂರ್ತಿ ಇರುತ್ತೆ, ಆದರೆ ಬಣ್ಣದ ವಿವರವನ್ನು ಸಾಮಾನ್ಯವಾಗಿ ಉದ್ದಕ್ಕೂ ಅಗಲಕ್ಕೂ ಅರ್ಧಕ್ಕೆ ಇಳಿಸಿ ಉಳಿಸಿರುತ್ತಾರೆ. ಜಾಗ ಉಳಿಸೋಕೆ. ಹಾಗಾಗಿ ಗಾಢ ಬಣ್ಣದ ಬಟ್ಟೆ ಚರ್ಮಕ್ಕೆ ತಾಗುವ ಕಡೆ ಬಟ್ಟೆಯ ಬಣ್ಣ ಒಂದೆರಡು ಪಿಕ್ಸೆಲ್ ಚರ್ಮದ ಮೇಲೆ ಹರಿದಿರುತ್ತೆ. ನೈಟಿಯ ನೀಲಿ ಅಜ್ಜಿಯ ಕತ್ತಿನ ಚರ್ಮದ ಮೇಲೆಯೇ ಕೂತಿದೆ. ನೀವು ಬ್ಲೌಸನ್ನು ಎಷ್ಟು ಚೊಕ್ಕವಾಗಿ ಕತ್ತರಿಸಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದು ಬ್ಲೌಸಿನದ್ದೇ ಅಲ್ಲ.

ಈಗ ಮಾಡುವ ದಾರಿ. ಸ್ಮಡ್ಜ್ ಮಾಡಿದ ಲೇಯರ್ ತೆಗೆದುಹಾಕಿ, ಮೊದಲಿನ ಫೋಟೋದಿಂದ ಶುರು ಮಾಡಿ. ಅದಕ್ಕೂ ಮುಂಚೆ ಮನೆಯವರಿಗೆ ಒಂದು ಫೋನ್ ಮಾಡಿ, ಫೋಟೋ ತೆಗೆದ ಫೋನ್ ಯಾರದ್ದು ಕೇಳಿ, ಅದರಿಂದಲೇ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ನಿಮ್ಮ ಹತ್ತಿರ ಇರುವುದು 1200×1600. ಹದಿನೆಂಟು ಇಂಚು ಎತ್ತರಕ್ಕೆ 1600 ಪಿಕ್ಸೆಲ್ ಅಂದರೆ ಇಂಚಿಗೆ ತೊಂಬತ್ತು ಕೂಡ ಇಲ್ಲ. ಮೂಲ ಫೈಲ್ 3000×4000 ಸಿಕ್ಕಿದರೆ ಇಂಚಿಗೆ ಇನ್ನೂರರ ಮೇಲೆ ಬರುತ್ತೆ, ಅಂಚಿನ ಕೆಲಸ ಎಷ್ಟೋ ಸುಲಭ. ಸಿಗದಿದ್ದರೆ ಇದರಲ್ಲೇ ಮಾಡೋಣ, ಆಗದ ಕೆಲಸ ಏನಲ್ಲ.

ಬ್ಲೌಸಿನ ಆಯ್ಕೆಯಲ್ಲೇ ನಿಮಗೆ ತೊಂದರೆ ಶುರುವಾಗಿದೆ. ನೈಟಿಯ ಕತ್ತು ದುಂಡಗಿದೆ, ಗಂಟಲ ಗುಳಿಯಿಂದ ಸ್ವಲ್ಪವೇ ಕೆಳಗೆ. ನೀವು ಹಾಕಿದ ಬ್ಲೌಸಿನ ಕತ್ತು ಅದಕ್ಕಿಂತ ಎರಡು ಬೆರಳು ಕೆಳಗಿದೆ. ಅಂದರೆ ಮಧ್ಯದ ಚರ್ಮವನ್ನು ನೀವೇ ಹುಟ್ಟಿಸಬೇಕಾಯಿತು. ವಯಸ್ಸಾದವರ ಕತ್ತಿನ ಕೆಳಗೆ ಸುಕ್ಕು ಇರುತ್ತೆ, ಬಿಸಿಲಿಗೆ ಕಪ್ಪಾದ ಚರ್ಮ ಒಂದು ಕಡೆ, ಬಟ್ಟೆ ಮುಚ್ಚಿದ ತಿಳಿ ಚರ್ಮ ಇನ್ನೊಂದು ಕಡೆ. ಅದನ್ನು ಬ್ರಷ್‌ನಲ್ಲಿ ಹುಟ್ಟಿಸೋಕೆ ಹೋದರೆ ಪ್ಲಾಸ್ಟಿಕ್ ಥರ ಬರುತ್ತೆ, ಬಂದಿದೆ ಕೂಡ. ಹೊಸ ಬ್ಲೌಸಿನ ಕತ್ತು ಹಳೆಯ ಕತ್ತನ್ನು ಎಲ್ಲ ಕಡೆ ಮುಚ್ಚುವ ಹಾಗೆ ಇರಲಿ, ಒಂದು ಬೆರಳು ಮೇಲೆಯೇ ಇರಲಿ. ಹಳೆ ಕಾಲದ ಅಜ್ಜಿಯರು ಹಾಗೇ ತಾನೆ ಹೊಲಿಸಿಕೊಳ್ಳುತ್ತಿದ್ದುದು? ಆಗ ಚರ್ಮ ಹುಟ್ಟಿಸುವ ಕೆಲಸವೇ ಇಲ್ಲ. ಬದುಕಿರುವ ಹೆಣ್ಣುಮಗಳ ಫೋಟೋ ಬೇರೆಯವರು ತಂದು ಕತ್ತು ಇಳಿಸಿ ಕೊಡಿ ಅಂದರೆ ನಾನು ಮಾಡುವುದಿಲ್ಲ, ಅವರೇ ಬಂದು ಕೂತು ಹೇಳಿದರೆ ಮಾತ್ರ ಬಟ್ಟೆಗೆ ಕೈ ಹಚ್ಚುತ್ತೇನೆ. ಅದು ಬೇರೆ ಮಾತು.

ಬೆಳಕೂ ನೋಡಿ. ಅಜ್ಜಿಯ ಮುಖಕ್ಕೆ ಬೆಳಕು ಬರುತ್ತಿರುವುದು ನಾವು ನೋಡುವಾಗ ಬಲಗಡೆ, ಸ್ವಲ್ಪ ಮೇಲಿಂದ. ಪಿಎನ್‌ಜಿ ಬ್ಲೌಸಿನಲ್ಲಿ ಎಡಗಡೆ ಭುಜ ಹೊಳೆಯುತ್ತಿದೆ. ತಿರುಗಿಸಿಬಿಡೋಣ, ಅಡ್ಡಡ್ಡ ಫ್ಲಿಪ್ ಮಾಡಿದರೆ ಆಯಿತು ಅಂತ ಅನಿಸುತ್ತೆ. ಬರೀ ಬ್ಲೌಸಾದರೆ ಮಾಡಬಹುದು, ಹುಕ್ಕಿನ ಪಟ್ಟಿ ಕಾಣದಿದ್ದರೆ. ಸೀರೆ ಸೇರಿದ್ದರೆ ಸೆರಗು ಎಡಭುಜದಿಂದ ಬಲಭುಜಕ್ಕೆ ಹೋಗಿಬಿಡುತ್ತೆ. ಕೊಡಗಿನವರ ಉಡುಗೆಯಲ್ಲಿ ಸರಿ, ಚಿಂತಾಮಣಿ ಅಜ್ಜಿಗೆ ಹಾಗೆ ಇಟ್ಟರೆ ತಿಥಿಗೆ ಬಂದ ಹೆಂಗಸರು ಮೊದಲು ಅದನ್ನೇ ಕೇಳುತ್ತಾರೆ. ಬೆಳಕು ಹೊಂದುವ ಬೇರೆ ಬ್ಲೌಸು ಹುಡುಕುವುದೇ ವಾಸಿ. ಅಂಚಿನ ನೆರಳು ಎಷ್ಟೇ ಚೆನ್ನಾಗಿ ಬಿಡಿಸಿದರೂ ಬೆಳಕು ಉಲ್ಟಾ ಇದ್ದರೆ ಅದು ಕೂರುವುದಿಲ್ಲ.

ಇದಕ್ಕಿಂತ ಒಳ್ಳೆ ದಾರಿ ಒಂದಿದೆ, ಹಳ್ಳಿಯವರಾದ್ದರಿಂದ ಆಗುತ್ತೆ ಕೂಡ. ಅಜ್ಜಿಯ ಸೀರೆ ಬ್ಲೌಸು ಮನೆಯಲ್ಲೇ ಇರುತ್ತೆ. ಹೆಚ್ಚು ಕಡಿಮೆ ಅದೇ ಮೈಕಟ್ಟಿನ ತಂಗಿಯೋ ನಾದಿನಿಯೋ ಉಟ್ಟುಕೊಂಡು ಅದೇ ಜಗಲಿ ಮೇಲೆ, ಅದೇ ಹೊತ್ತಿನಲ್ಲಿ, ಫೋನನ್ನು ಅದೇ ಎತ್ತರದಲ್ಲಿ ಹಿಡಿದು ಒಂದು ಫೋಟೋ ತೆಗೆಸಿ. ಬೆಳಕು, ಕೋನ, ಬಟ್ಟೆ ಬೀಳುವ ರೀತಿ ಎಲ್ಲ ತಾನಾಗೇ ಹೊಂದುತ್ತೆ. ಜೊತೆಗೆ ಬ್ಲೌಸಿನ ಅಂಚಿನಲ್ಲಿ ನಿಜವಾದ ನೆರಳು ಹೇಗೆ ಬೀಳುತ್ತೆ ಅಂತ ನೋಡಿಕೊಳ್ಳೋಕೂ ಸಿಗುತ್ತೆ. ಕಷ್ಟ ಏನೆಂದರೆ ಸಾವಿನ ಮನೆ, ಕೇಳೋಕೆ ಸಂಕೋಚ, ಕೆಲವರು ಬೇಡ ಅನ್ನಬಹುದು. ಬೇಡ ಅಂದರೆ ಬಿಟ್ಟುಬಿಡಿ, ಒತ್ತಾಯ ಮಾಡಬೇಡಿ.

ಬ್ಲೌಸು ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಅದನ್ನು ತಂದು ಇಡುವ ಮುಂಚೆ ಅಜ್ಜಿಯ ಫೋಟೋದಲ್ಲಿ ನೈಟಿಯ ಅಂಚನ್ನು ಅಳಿಸಬೇಕು. ಪೂರ್ತಿ ನೈಟಿ ಅಲ್ಲ, ಹೊಸ ಬ್ಲೌಸಿನ ಅಂಚು ಬಂದು ಕೂರುವ ಕಡೆ ಮಾತ್ರ. ಅಲ್ಲಿ ಚರ್ಮ ಬ್ಲೌಸಿನ ಕೆಳಗೂ ಹತ್ತು ಹದಿನೈದು ಪಿಕ್ಸೆಲ್ ಮುಂದುವರಿದಿರಬೇಕು. ಅಂಚಿನ ಅರ್ಧ ಪಾರದರ್ಶಕ ಪಿಕ್ಸೆಲ್‌ಗಳ ಕೆಳಗೆ ಚರ್ಮ ಇದ್ದರೆ ಮೆರೂನ್ ಜೊತೆ ಚರ್ಮದ ಬಣ್ಣ ಬೆರೆಯುತ್ತೆ, ನೀಲಿಗೆ ಜಾಗವೇ ಇರುವುದಿಲ್ಲ. ನಿಮ್ಮ ಇಡೀ ಫೈಲ್‌ಗೆ ಒಂದೇ ಒಂದು ತಿದ್ದುಪಡಿ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹೊಸ ಬ್ಲೌಸಿನ ಕತ್ತು ಮೇಲಿದ್ದರೆ ಅದರ ಕೆಳಗೆ ನಿಜವಾದ ಚರ್ಮವೇ ಇರುತ್ತೆ, ಕೆಲಸ ಇನ್ನೂ ಕಡಿಮೆ. ಭುಜದ ಹತ್ತಿರ ಮಾತ್ರ ಎರಡೂ ಅಂಚು ಒಂದೇ ಕಡೆ ಬರಬಹುದು, ಅಲ್ಲಿ ಬಿಡಿಸಬೇಕಾಗುತ್ತೆ.

ಅದನ್ನು ಹೀಲಿಂಗ್ ಬ್ರಷ್‌ನಲ್ಲಿ ಮಾಡಬೇಡಿ. ಹೀಲಿಂಗ್ ಬ್ರಷ್ ಸುತ್ತಲಿನ ಬಣ್ಣವನ್ನು ಎಳೆದುಕೊಂಡು ಬೆರೆಸುತ್ತೆ, ಪಕ್ಕದಲ್ಲೇ ನೀಲಿ ಬಟ್ಟೆ ಇದ್ದರೆ ಆ ನೀಲಿಯನ್ನೂ ಎಳೆದು ತರುತ್ತೆ. ಕತ್ತಿನ ಎಡಗಡೆ ನಿಮಗೆ ಬಂದಿರುವ ಕೊಳೆ ಥರದ ಮಚ್ಚೆ ಅದೇ. ಅಂಚಿನ ಹತ್ತಿರ ಕ್ಲೋನ್ ಸ್ಟಾಂಪ್ ಹಿಡಿಯಿರಿ, ಸಣ್ಣ ಬ್ರಷ್, ಹತ್ತಿರದ ಚರ್ಮದಿಂದಲೇ ಆರಿಸಿಕೊಳ್ಳಿ. ಕತ್ತಿನ ಸುಕ್ಕು ಯಾವ ದಿಕ್ಕಿಗೆ ಹೋಗುತ್ತಿದೆಯೋ ಅದೇ ದಿಕ್ಕಿಗೆ ಬಟ್ಟೆಯ ಕೆಳಗೆ ನುಗ್ಗಬೇಕು. ಸುಕ್ಕು ಅಂಚಿನ ಹತ್ತಿರ ಬಂದು ಸುಮ್ನೆ ನಿಂತುಬಿಟ್ಟರೆ ಅಲ್ಲಿ ಕೈಯಾಡಿಸಿದ್ದಾರೆ ಅಂತ ಗೊತ್ತಾಗಿಬಿಡುತ್ತೆ.

ಚರ್ಮದ ಮೇಲೆ ಹರಿದಿರುವ ನೀಲಿಗೆ ಬೇರೆ ಉಪಾಯ. ಹೊಸ ಖಾಲಿ ಲೇಯರ್ ಹಾಕಿ, ಮೋಡ್ `Color` ಮಾಡಿ. ನಾಲ್ಕು ಬೆರಳು ಮೇಲೆ ಚೊಕ್ಕವಾಗಿರುವ ಚರ್ಮದಿಂದ ಬಣ್ಣ ತೆಗೆದುಕೊಂಡು ಆ ಗೆರೆಯ ಮೇಲೆ ಎಳೆಯಿರಿ. ಈ ಮೋಡ್‌ನಲ್ಲಿ ಬಣ್ಣ ಮಾತ್ರ ಬದಲಾಗುತ್ತೆ, ಬೆಳಕು ನೆರಳು ಸುಕ್ಕು ಎಲ್ಲ ಹಾಗೇ ಇರುತ್ತೆ. ಅರ್ಧ ನಿಮಿಷದ ಕೆಲಸ. ನೀವು ಇಷ್ಟು ದಿನ ಹೋಗಲ್ಲ ಅಂದ ಗೆರೆ ಇದರಲ್ಲಿ ಹೋಗುತ್ತೆ.

ಆಮೇಲೆ ಬ್ಲೌಸು. ಪಿಎನ್‌ಜಿ ದೊಡ್ಡದಿದ್ದರೆ ಅದನ್ನು ಅಜ್ಜಿಯ ಫೋಟೋದ ಅಳತೆಗೆ ಇಳಿಸಿ. ಬಹಳ ಜನ ಉಲ್ಟಾ ಮಾಡುತ್ತಾರೆ. ಅಜ್ಜಿಯ ಫೋಟೋವನ್ನು ಮೊದಲು 3600×5400ಕ್ಕೆ ಎಳೆದು, ಅದರ ಮೇಲೆ ಚೂಪಾದ ಸೀರೆ ಕೂರಿಸುತ್ತಾರೆ, ಜರಿಯ ಒಂದೊಂದು ಎಳೆಯೂ ಕಾಣಲಿ ಅಂತ. ಮುಖ ಮಸುಕು, ಸೀರೆ ಮಾತ್ರ ನಿನ್ನೆ ತಾನೇ ಅಂಗಡಿಯಿಂದ ತಂದ ಹಾಗೆ. ಆಗ ಅಂಚಿಗೆ ನೀವು ಏನೇ ಮಾಡಿ, ಅದು ಸೇರುವುದೇ ಇಲ್ಲ. ಅದಕ್ಕೇ ನಾನು ಹೇಳುವುದು, ಚಿಕ್ಕ ಅಳತೆಯಲ್ಲೇ ಎಲ್ಲ ಸೇರಿಸಿ, ಕೊನೆಗೆ ಎರಡನ್ನೂ ಒಟ್ಟಿಗೆ ದೊಡ್ಡದು ಮಾಡಿ. ದೊಡ್ಡದು ಮಾಡುವಾಗ ಬರುವ ಮಸುಕು ಎರಡಕ್ಕೂ ಸಮನಾಗಿ ಬರುತ್ತೆ. ಜರಿಯ ವಿವರ ಸ್ವಲ್ಪ ಹೋಗುತ್ತೆ, ಹೋಗಲಿ ಬಿಡಿ. ನೋಡುವವರು ನೋಡುವುದು ಮುಖವನ್ನು.

ಕತ್ತರಿಸುವುದಕ್ಕೆ ಪೆನ್ ಟೂಲ್, ಪೈಪಿಂಗ್‌ನ ಹೊರ ಅಂಚಿನ ಮೇಲೆಯೇ. ಪೈಪಿಂಗ್ ಬಿಟ್ಟು ಒಳಗೆ ಕತ್ತರಿಸಬೇಡಿ. ಆ ಸಣ್ಣ ಉಬ್ಬೇ ಬಟ್ಟೆಗೆ ದಪ್ಪ ಇದೆ ಅಂತ ಕಣ್ಣಿಗೆ ಹೇಳುವುದು. ಪಾಥ್‌ನಿಂದ ಸೆಲೆಕ್ಷನ್ ಮಾಡುವಾಗ ಫೆದರ್ 0 ಇರಲಿ, ಅದನ್ನು ಮಾಸ್ಕ್ ಮಾಡಿಕೊಳ್ಳಿ. ಈಗ ಬ್ಲೌಸಿನ ಲೇಯರ್‌ಗೆ `Gaussian Blur` 0.6 ಕೊಟ್ಟು, ಅದರ ಮಾಸ್ಕ್‌ಗೂ ಅಷ್ಟೇ ಕೊಟ್ಟು, ಕಿವಿಯೋಲೆಯ ಅಂಚಿನ ಜೊತೆ ಹೋಲಿಸಿ. ಇನ್ನೂ ಚೂಪು ಅನಿಸಿದರೆ 0.8. ಬಟ್ಟೆಗೂ ಮಾಸ್ಕ್‌ಗೂ ಒಂದೇ ಅಂಕಿ ಇರಬೇಕು. ಬಟ್ಟೆ ಚೂಪಾಗಿದ್ದು ಅಂಚು ಮಾತ್ರ ಮಸುಕಾದರೆ ಮತ್ತೆ ಅದೇ ಅಂಟಿಸಿದ ನೋಟ ಬರುತ್ತೆ. ಪಿಎನ್‌ಜಿಯ ಸುತ್ತ ಬಿಳಿ ಗೆರೆ ಮೊದಲೇ ಇದ್ದರೆ, ಅದು ಬಿಳಿ ಹಿನ್ನೆಲೆಯಿಂದ ಕತ್ತರಿಸಿದ್ದರ ಗುರುತು. ಪಾಥ್ ಅನ್ನು ಒಂದು ಪಿಕ್ಸೆಲ್ ಒಳಗೆ ತಗೊಳ್ಳಿ, ಸಾಕು. `Defringe` ಅಂತ ಮೆನುವಿನಲ್ಲಿ ಇದೆ, ನಾನು ಅದನ್ನು ಜಾಸ್ತಿ ನಂಬುವುದಿಲ್ಲ, ಸಣ್ಣ ಪೈಪಿಂಗ್‌ನ ಬಣ್ಣವನ್ನೇ ಕೆಲವು ಸಲ ತಿಂದುಬಿಡುತ್ತೆ.

ನೆರಳಿಗೆ ಬರೋಣ. ಡ್ರಾಪ್ ಶ್ಯಾಡೋ ಇಲ್ಲಿ ಯಾಕೆ ಕೆಲಸ ಮಾಡಲಿಲ್ಲ ಅಂದರೆ ಅದು ಬ್ಲೌಸಿನ ಇಡೀ ಅಂಚಿಗೂ ಒಂದೇ ದೂರ, ಒಂದೇ ದಪ್ಪದಲ್ಲಿ ಬೀಳುತ್ತೆ, ಎದುರಿಗೆ ಒಂದು ಚಪ್ಪಟೆ ಗೋಡೆ ಇದೆ ಅನ್ನುವ ಹಾಗೆ. ಕತ್ತು ಗೋಡೆಯಲ್ಲ, ದುಂಡಗಿದೆ, ಭುಜದ ಕಡೆ ಇಳಿಜಾರಾಗಿದೆ. ಬಟ್ಟೆ ಒಂದು ಕಡೆ ಚರ್ಮಕ್ಕೆ ಅಂಟಿರುತ್ತೆ, ಇನ್ನೊಂದು ಕಡೆ ಸ್ವಲ್ಪ ಎದ್ದಿರುತ್ತೆ.

ನಿಜವಾದ ಬಟ್ಟೆಯ ಅಂಚಿನಲ್ಲಿ ಎರಡು ಥರದ ಕಪ್ಪು ಇರುತ್ತೆ. ಒಂದು, ಬಟ್ಟೆ ಚರ್ಮಕ್ಕೆ ತಾಗುವ ಸಂದಿಯ ಸಣ್ಣ ಗೆರೆ. ಬೆಳಕು ಎಲ್ಲಿಂದ ಬಂದರೂ ಆ ಸಂದಿಗೆ ಹೋಗುವುದಿಲ್ಲ, ಹಾಗಾಗಿ ಅದು ಸುತ್ತಲೂ ಇರುತ್ತೆ, ಎರಡು ಪಿಕ್ಸೆಲ್ ಸಾಕು. ಇನ್ನೊಂದು, ಬಟ್ಟೆಯ ದಪ್ಪದಿಂದ ಚರ್ಮದ ಮೇಲೆ ಬೀಳುವ ನೆರಳು. ಇದು ಬೆಳಕು ಬರುವ ಕಡೆಯ ಅಂಚಿನಲ್ಲಿ ಮಾತ್ರ ಬೀಳುತ್ತೆ. ಇಲ್ಲೇ ಎಲ್ಲರೂ ಉಲ್ಟಾ ಮಾಡುವುದು. ಅಜ್ಜಿಗೆ ಬೆಳಕು ಬಲಗಡೆಯಿಂದ. ಬ್ಲೌಸಿನ ಕತ್ತಿನ ಬಲ ಅಂಚು ಬೆಳಕಿಗೂ ಚರ್ಮಕ್ಕೂ ಮಧ್ಯೆ ನಿಂತಿದೆ, ಅದರ ನೆರಳು ಒಳಗೆ ಚರ್ಮದ ಮೇಲೆ ಬೀಳುತ್ತೆ. ಎಡ ಅಂಚಿನಲ್ಲಿ ಬೆಳಕು ನೇರವಾಗಿ ಪೈಪಿಂಗ್‌ಗೇ ಹೊಡೆಯುತ್ತೆ, ಅಲ್ಲಿ ಚರ್ಮದ ಮೇಲೆ ನೆರಳಿಲ್ಲ, ಪೈಪಿಂಗ್ ಮೇಲೆ ಸಣ್ಣ ಹೊಳಪು ಇರುತ್ತೆ. ಕತ್ತಿನ ಕೆಳಭಾಗದ ದುಂಡಿನಲ್ಲೂ ಹಾಗೇ. ಬೆಳಕು ಮೇಲಿಂದ ಬರುತ್ತೆ, ಬಟ್ಟೆ ಚರ್ಮದ ಕೆಳಗಿದೆ, ಅದು ಮೇಲಕ್ಕೆ ನೆರಳು ಚೆಲ್ಲೋಕೆ ಆಗುತ್ತಾ? ನಿಮ್ಮ ಫೈಲ್‌ನಲ್ಲಿ ಅತಿ ದಪ್ಪ ನೆರಳು ಇರುವುದು ಅಲ್ಲಿಯೇ.

ಬಿಡಿಸುವುದು ಹೀಗೆ. ಚರ್ಮದ ಮೇಲೆ, ಬ್ಲೌಸಿನ ಕೆಳಗೆ ಒಂದು ಹೊಸ ಲೇಯರ್, ಮೋಡ್ `Multiply`. ಬಣ್ಣವಾಗಿ ಕಪ್ಪು ತಗೋಬೇಡಿ. ಅಜ್ಜಿಯ ಗಲ್ಲದ ಕೆಳಗೆ ನಿಜವಾದ ನೆರಳಿದೆ, ಅಲ್ಲಿಂದ ಐಡ್ರಾಪರ್‌ನಲ್ಲಿ ಬಣ್ಣ ಎತ್ತಿಕೊಳ್ಳಿ. ಕೆಂಪು ಮಿಶ್ರಿತ ಕಂದು ಬರುತ್ತೆ. ಚರ್ಮದ ನೆರಳು ಸಾಮಾನ್ಯವಾಗಿ ಬೆಚ್ಚಗಿನ ಬಣ್ಣದ್ದು, ಕಪ್ಪು ಹಾಕಿದರೆ ಮಸಿ ಮೆತ್ತಿದ ಹಾಗೆ ಆಗುತ್ತೆ. ಬ್ರಷ್ ಫ್ಲೋ 10%ಕ್ಕೆ ಇಳಿಸಿ. ಮೊದಲು ಎರಡು ಮೂರು ಪಿಕ್ಸೆಲ್ ಬ್ರಷ್‌ನಲ್ಲಿ ಸಂದಿಯ ಗೆರೆಯನ್ನು ಸುತ್ತಲೂ ಎಳೆಯಿರಿ, ಒಂದೇ ಸಮ ಬೇಡ, ಬಟ್ಟೆ ಬಿಗಿಯಾಗಿ ಕೂತ ಭುಜದ ಹತ್ತಿರ ತೆಳು, ಎದ್ದಿರುವ ಕಡೆ ಸ್ವಲ್ಪ ಗಾಢ. ಆಮೇಲೆ ಇನ್ನೊಂದು ಲೇಯರ್‌ನಲ್ಲಿ ಹತ್ತು ಪಿಕ್ಸೆಲ್ ಮೃದು ಬ್ರಷ್ ಹಿಡಿದು ಬಲ ಅಂಚಿನಲ್ಲಿ ಮಾತ್ರ ಒಳಮುಖವಾಗಿ. ಎರಡೂ ಬೇರೆ ಬೇರೆ ಲೇಯರ್ ಇರಲಿ, ಕೊನೆಗೆ ಒಂದೊಂದನ್ನೇ ಕಡಿಮೆ ಮಾಡೋಕೆ ಬೇಕಾಗುತ್ತೆ. ಬ್ಲೌಸು ಮೆರೂನ್ ಆದ್ದರಿಂದ ಅದರ ಬಣ್ಣ ಗಂಟಲ ಕೆಳಭಾಗದ ಚರ್ಮದ ಮೇಲೆ ಒಂದಿಷ್ಟು ಬೀಳಬೇಕು. `Soft Light` ಲೇಯರ್‌ನಲ್ಲಿ ಮೆರೂನ್ ಎಳೆದು 8% ಇಟ್ಟರೆ ಆಯಿತು. ಕಂಡೂ ಕಾಣದ ಹಾಗಿರಲಿ.

ಮಾಂಗಲ್ಯದ ಸರ ಇದ್ದರೆ ಇನ್ನೊಂದು ಕೆಲಸ ಬರುತ್ತೆ. ನಿಮ್ಮ ಫೋಟೋದಲ್ಲಿ ಸರ ನೈಟಿಯೊಳಗೆ ಹೋಗಿದೆ. ಅದು ಹೊಸ ಬ್ಲೌಸಿನ ಅಂಚಿನ ಕೆಳಗೆ ನುಗ್ಗುವ ಜಾಗದಲ್ಲಿ ಬಟ್ಟೆ ಒಂದು ಪಿಕ್ಸೆಲ್ ಮೇಲೆದ್ದಿರಬೇಕು, ಪೈಪಿಂಗ್ ಅಲ್ಲಿ ಸ್ವಲ್ಪ ಉಬ್ಬಬೇಕು. ಲಿಕ್ವಿಫೈನಲ್ಲಿ ಒಂದು ಸಣ್ಣ ತಳ್ಳು ಸಾಕು. ಸರವನ್ನು ಬ್ಲೌಸಿನ ಮೇಲೆ ತಂದು ತೋರಿಸಬೇಕೋ, ಒಳಗೇ ಬಿಡಬೇಕೋ ಅಂತ ಮನೆಯವರನ್ನು ಕೇಳಿಯೇ ಮಾಡಿ. ಮುತ್ತೈದೆಯಾಗಿ ಹೋದವರ ಮನೆಯಲ್ಲಿ ಅದು ಸಣ್ಣ ವಿಷಯ ಅಲ್ಲ.

ತೋಳಿನ ಅಂಚು ಕತ್ತಿಗಿಂತ ಸುಲಭ, ಆದರೆ ಲೆಕ್ಕ ಉಲ್ಟಾ. ಇಲ್ಲಿ ಬಟ್ಟೆ ಮೇಲೆ, ಚರ್ಮ ಕೆಳಗೆ. ಮೇಲಿನ ಬೆಳಕಿಗೆ ತೋಳಿನ ಅಂಚು ಕೈ ಮೇಲೆ ನೆರಳು ಚೆಲ್ಲಲೇಬೇಕು. ನೀವು ಕತ್ತಿನ ಕೆಳಗೆ ಹಾಕಿದ ದಪ್ಪ ನೆರಳು ಇಲ್ಲಿ ಬೇಕಿತ್ತು, ಇಲ್ಲಿ ಹಾಕೇ ಇಲ್ಲ! ಕೈ ದುಂಡಗಿರುವುದರಿಂದ ಅಂಚು ನೇರ ಗೆರೆ ಆಗಿರಬಾರದು, ಬಳೆ ಕೈ ಸುತ್ತ ಹೇಗೆ ಬಾಗಿ ಕಾಣುತ್ತೋ ಹಾಗೆ ಬಾಗಿರಬೇಕು. ಅಜ್ಜಿಯ ಕೈಯಲ್ಲೇ ಬಳೆ ಇದೆ, ಅದರ ಬಾಗು ನೋಡಿಕೊಂಡು ವಾರ್ಪ್ ಮಾಡಿ. ನೆರಳೂ ಅದೇ ಬಾಗಿನಲ್ಲಿ, ಬೆಳಕಿನ ಕಡೆ ತೆಳು, ಒಳಗಡೆಗೆ ಅಗಲ. ತೋಳು ಬಿಗಿ ಇದ್ದರೆ ಅಂಚಿನ ಕೆಳಗೆ ಚರ್ಮ ಕೂದಲೆಳೆಯಷ್ಟು ಉಬ್ಬಿರುತ್ತೆ, ಅಜ್ಜಿಯ ಬ್ಲೌಸು ಸಡಿಲ ಅಂತ ಕಾಣುತ್ತೆ, ಅದು ಬೇಡ.

ಕೊನೆಗೆ ನಾಯ್ಸ್. ಫೋನಿನ ಫೋಟೋದಲ್ಲಿ ಚರ್ಮದ ಮೇಲೆ ಸಣ್ಣ ಕಾಳು ಕಾಳು ಇದೆ, ಮಸುಕು ಮಾಡಿದ ಬ್ಲೌಸು ನುಣ್ಣಗಿದೆ. `Add Noise` 1.5 ರಿಂದ 2, `Monochromatic` ಟಿಕ್ ಮಾಡಿ, ಬ್ಲೌಸಿಗೂ ನೆರಳು ಬಿಡಿಸಿದ ಜಾಗಕ್ಕೂ. ಬ್ಲರ್ ಮೊದಲು, ನಾಯ್ಸ್ ಆಮೇಲೆ. ಉಲ್ಟಾ ಮಾಡಿದರೆ ಹಾಕಿದ ನಾಯ್ಸ್ ಬ್ಲರ್‌ನಲ್ಲೇ ಹೋಗಿಬಿಡುತ್ತೆ. ಆಮೇಲೆ ದೊಡ್ಡದು ಮಾಡಿ.

ಸರಿಯಾಗಿದೆಯಾ ಅಂತ ನೋಡೋಕೆ ಎಲ್ಲಕ್ಕೂ ಮೇಲೆ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಹಾಕಿ. ಬಣ್ಣ ಹೋದ ಮೇಲೂ ಅಂಚು ಅಂಟಿಸಿದ ಹಾಗೆ ಕಂಡರೆ ತಪ್ಪು ನೆರಳಿನದ್ದು ಅಥವಾ ಮಸುಕಿನದ್ದು. ಬಣ್ಣ ಇದ್ದಾಗ ಮಾತ್ರ ಕಂಡರೆ ನೀಲಿ ಇನ್ನೂ ಎಲ್ಲೋ ಉಳಿದಿದೆ, `Color` ಲೇಯರ್‌ಗೆ ವಾಪಸ್ ಹೋಗಿ. 800% ಜೂಮ್‌ನಲ್ಲಿ ಕೂತು ಒಂದೊಂದು ಪಿಕ್ಸೆಲ್ ತಿದ್ದುತ್ತಾ ಹೋಗಬೇಡಿ, ಅಳೆಯೋಕೆ ಮಾತ್ರ ಆ ಜೂಮ್. ತೀರ್ಮಾನ 100%ರಲ್ಲಿ.

ಇಷ್ಟೆಲ್ಲ ಮಾಡೋಕೆ ಟೈಮ್ ಇಲ್ಲ, ತಿಥಿ ನಾಳಿದ್ದೇ ಅಂತಾದರೆ ಇನ್ನೊಂದು ದಾರಿ ಇದೆ. ಸೆರಗನ್ನು ಎರಡೂ ಭುಜದ ಮೇಲೆ ಹೊದ್ದ ಹಾಗೆ ಇಡಿ. ನಮ್ಮ ಕಡೆ ವಯಸ್ಸಾದವರು ಹಾಗೆ ಹೊದ್ದುಕೊಂಡು ಕೂರುವುದು ಇದ್ದೇ ಇದೆ, ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಬ್ಲೌಸಿನ ಕತ್ತಿನ ಬಹುಭಾಗ, ತೋಳಿನ ಅಂಚು ಎರಡೂ ಮುಚ್ಚಿಹೋಗುತ್ತೆ. ಸೆರಗು ಸಡಿಲವಾಗಿ ಬೀಳುವ ಬಟ್ಟೆ, ಬ್ಲೌಸಿನ ಹಾಗೆ ಚರ್ಮಕ್ಕೆ ಹತ್ತಿ ಕೂತಿರುವುದಿಲ್ಲ, ಅದರ ಅಂಚಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ. ತೊಂದರೆ ಅಂದರೆ ಜರಿ ಅಂಚು ಎದೆ ಮೇಲೆ ಎದ್ದು ಕಾಣುತ್ತೆ, ಮುಖದಿಂದ ಕಣ್ಣನ್ನು ಎಳೆಯುತ್ತೆ. ಸಣ್ಣ ಅಂಚಿನ, ಸ್ವಲ್ಪ ಮಂಕು ಬಣ್ಣದ ಸೀರೆ ಆರಿಸಿ. ಅಥವಾ ಮನೆಯವರು ಒಪ್ಪಿದರೆ ಭುಜದವರೆಗೆ ಮಾತ್ರ ಕ್ರಾಪ್ ಮಾಡಿ ಸುತ್ತ ಓವಲ್ ಫ್ರೇಮ್ ಕೊಡಬಹುದು, ಆಗ ಬಿಡಿಸಬೇಕಾದ ಅಂಚು ಮುಕ್ಕಾಲು ಪಾಲು ಉಳಿಯುವುದೇ ಇಲ್ಲ. ಆದರೆ ಮುಖ ಇನ್ನೂ ದೊಡ್ಡದಾಗುತ್ತೆ, 1600 ಪಿಕ್ಸೆಲ್ ಫೈಲ್‌ನಲ್ಲಿ ಅದು 12×18ಕ್ಕೆ ತಡೆಯುವುದಿಲ್ಲ, 8×12ಕ್ಕೆ ಇಳಿಸಿ ಅಂತ ಹೇಳಬೇಕಾಗುತ್ತೆ.

12×18 ಕಳಿಸುವ ಮುಂಚೆ ಕತ್ತಿನ ಭಾಗವನ್ನು ಮಾತ್ರ, ಕೊನೆಯ ಅಳತೆಯಲ್ಲೇ, ಒಂದು 4×6 ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡಿ. ನಿಮ್ಮ ಮಾನಿಟರ್ ಬ್ರೈಟ್‌ನೆಸ್ ಜಾಸ್ತಿ ಇಟ್ಟಿದ್ದರೆ, ಸ್ಟುಡಿಯೊಗಳಲ್ಲಿ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತೆ, ನೆರಳು ಕಾಗದದ ಮೇಲೆ ಪರದೆಗಿಂತ ಗಾಢವಾಗಿ ಬರುತ್ತೆ. ಹಾಗೆ ಬಂದರೆ ಬಲ ಅಂಚಿನ ನೆರಳಿನ ಲೇಯರ್ 70%ಕ್ಕೆ ಇಳಿಸಿ. ಸಂದಿಯ ಸಣ್ಣ ಗೆರೆ ಹಾಗೇ ಇರಲಿ.